‘ದಯವಿಟ್ಟು ಸಹಕರಿಸಿ’ ಅನ್ನೋದು ಲೆಕ್ಕ ಅಲ್ಲ

ನಮ್ಮ ಊರಿನ ಸಣ್ಣ ವ್ಯಾಪಾರಗಳಲ್ಲಿ ಅತಿ ಹೆಚ್ಚು ಬಳಕೆಯಾಗೋ ಮತ್ತು ಅತಿ ಕಡಿಮೆ ಕೆಲಸ ಮಾಡೋ ವಾಕ್ಯ ಯಾವುದು ಅಂತ ಕೇಳಿದರೆ ನಾನು ಹೇಳೋದು ಇದನ್ನೇ: ‘ದಯವಿಟ್ಟು ಸಹಕರಿಸಿ.’ ಸಪ್ಲೈಯರ್‌ಗೆ ದುಡ್ಡು ಕೊಡೋದು ಇನ್ನೊಂದು ತಿಂಗಳು ಮುಂದಕ್ಕೆ ಹೋಗಬೇಕು ಅಂದಾಗ ಬರೆಯೋ ಪ್ರತಿಯೊಂದು ಮೇಲ್ ಕೊನೆಗೂ ಅದು ಇರುತ್ತೆ. ಹಲವು ವರ್ಷ ಖರೀದಿ ವಿಭಾಗದಲ್ಲಿ ಕೂತು ಇಂಥ ಕಾಗದಗಳನ್ನ ಬರೆದಿದ್ದೀನಿ, ತಿದ್ದಿದ್ದೀನಿ, ಬೇರೆಯವರಿಂದ ಬಂದದ್ದನ್ನ ಓದಿದ್ದೀನಿ. ಅದರ ಆಧಾರದ ಮೇಲೆ ಒಂದು ಮಾತು ಹೇಳ್ತೀನಿ, ಕೆಲವರಿಗೆ ಸಿಟ್ಟು ಬರಬಹುದು. ಬೇಡಿಕೊಳ್ಳೋ ಕಾಗದ ವಿನಯದ ಕಾಗದ ಅಲ್ಲ. ನಮಗಿಂತ ಸಣ್ಣವನ ಹತ್ತಿರ ಬಡ್ಡಿ ಇಲ್ಲದ ಸಾಲ ಕೇಳಿ, ಅದರ ಬೆಲೆ ಎಷ್ಟು ಅಂತ ಬಾಯಿ ಬಿಡದೆ ಇರೋ ಕಾಗದ ಅದು.

ಇದರ ಎದುರು ತುದಿಯಲ್ಲಿ ಇನ್ನೊಂದು ಜಾತಿ ಇದೆ. ‘ನಮ್ಮ ಕಂಪನಿ ಪಾಲಿಸಿ 90 ದಿನ, ಬೇಕಿದ್ರೆ ಮಾಡಿ, ಇಲ್ದಿದ್ರೆ ಬಿಡಿ’ ಅನ್ನೋ ದೊಡ್ಡವರದ್ದು. ಅವರನ್ನ ನಾವೆಲ್ಲ ಧಾರಾಳವಾಗಿ ಬೈತೀವಿ. ಆದರೆ ಕೈಮುಗಿದು ಕೇಳೋನೂ ಕಣ್ಣು ಕೆಂಪು ಮಾಡಿ ಕೇಳೋನೂ ಮಾಡ್ತಿರೋ ಕೆಲಸ ಒಂದೇ. ಇಬ್ಬರೂ ಖರ್ಚನ್ನ ಎದುರಿನವನ ಮೇಲೆ ಹಾಕ್ತಾರೆ, ಇಬ್ಬರೂ ಆ ಖರ್ಚನ್ನ ಅಂಕಿಯಲ್ಲಿ ಹೇಳೋದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಗಾದೆ ಇಬ್ಬರಿಗೂ ಒಪ್ಪುತ್ತೆ.

ಬರೀ ಬೈದು ಹೋಗೋದು ಬೇಡ. ಒಂದು ಕೇಸ್ ಇಟ್ಟುಕೊಂಡು ನೋಡೋಣ.

ನನಗೆ ಪರಿಚಯದ ಒಬ್ಬ ಹೆಣ್ಣುಮಗಳು ರಾಜಾಜಿನಗರದಲ್ಲಿ ಚಕ್ಲಿ, ಕೋಡುಬಳೆ, ನಿಪ್ಪಟ್ಟು, ಖಾರಾ ಅವಲಕ್ಕಿ ಮಾಡಿ ಪ್ಯಾಕ್ ಮಾಡಿ ಅಂಗಡಿಗಳಿಗೆ ಕೊಡ್ತಾರೆ. ಪಾಲುದಾರಿಕೆ ಸಂಸ್ಥೆ. ಪ್ರಿಂಟ್ ಆದ ಪೌಚ್‌ಗಳು ಬರೋದು ಪೀಣ್ಯದ ಒಂದು ಸಣ್ಣ ಘಟಕದಿಂದ. ತಿಂಗಳಿಗೆ ಸುಮಾರು 4,00,000 ರೂಪಾಯಿ ಮಾಲು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 72,000. ದುಡ್ಡು ಕೊಡೋ ವಾಯಿದೆ 15 ದಿನ. ಇವರ ಚಕ್ಲಿ ತಗೊಳ್ಳೋ ದೊಡ್ಡ ಅಂಗಡಿಗಳು ದುಡ್ಡು ಕೊಡೋದು 40 ದಿನಕ್ಕೆ. ಪೌಚ್ ಬಂದ ಮೇಲೆ ಅದು ತುಂಬಿ ಹೊರಗೆ ಹೋಗೋಕೆ ಸರಾಸರಿ 10 ದಿನ. ಅಂದರೆ ಪೌಚ್‌ಗೆ ಹಾಕಿದ ದುಡ್ಡು ವಾಪಸ್ ಬರೋದು 50ನೇ ದಿನಕ್ಕೆ, ಕೈಬಿಟ್ಟು ಹೋಗೋದು 15ನೇ ದಿನಕ್ಕೆ. ನಡುವಿನ 35 ದಿನ ಅವರ ತಲೆನೋವು. ವ್ಯಾಪಾರ ಬೆಳೆದಷ್ಟೂ ಆ ತಲೆನೋವೂ ಬೆಳೆಯುತ್ತೆ.

ಅವರು ಪೀಣ್ಯದ ಮಾಲೀಕರಿಗೆ ಬರೆದ ಮೊದಲ ಡ್ರಾಫ್ಟ್ ಹೀಗಿತ್ತು:

‘ನಮಸ್ಕಾರ ಸರ್. ನಿಮಗೆ ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಿ. ಸದ್ಯಕ್ಕೆ ನಮ್ಮ ಪರಿಸ್ಥಿತಿ ತುಂಬಾ ಟೈಟ್ ಇದೆ. ಅಂಗಡಿಯವರಿಂದ ಪೇಮೆಂಟ್ ಸರಿಯಾಗಿ ಬರ್ತಿಲ್ಲ. ನೀವು ದೊಡ್ಡವರು, ನಮ್ಮಂಥೋರ ಕಷ್ಟ ಅರ್ಥ ಮಾಡ್ಕೊಳ್ತೀರ ಅಂತ ನಂಬಿದ್ದೀನಿ. ಮುಂದಿನ ಕೆಲವು ತಿಂಗಳು ನಮಗೆ 60ರಿಂದ 90 ದಿನ ಟೈಮ್ ಕೊಟ್ಟರೆ ತುಂಬಾ ಉಪಕಾರ ಆಗುತ್ತೆ. ದಯವಿಟ್ಟು ಸಹಕರಿಸಿ.’

ಈ ಕಾಗದವನ್ನ ಪೀಣ್ಯದ ಕುರ್ಚಿಯಲ್ಲಿ ಕೂತು ಓದಿ. ‘ಪರಿಸ್ಥಿತಿ ಟೈಟ್ ಇದೆ’ ಅಂದ ತಕ್ಷಣ ಮಾಲೀಕರ ತಲೆಯಲ್ಲಿ ಓಡೋದು ಕರುಣೆ ಅಲ್ಲ. ‘ಇವರು ಮುಳುಗ್ತಿದ್ದಾರಾ? ನನ್ನ ಬಾಕಿ ಎಷ್ಟಿದೆ? ಮೊದಲು ಅದನ್ನ ಎತ್ತಿಕೊಳ್ಳಬೇಕು’ ಅನ್ನೋ ಯೋಚನೆ. ‘ಅಂಗಡಿಯವರಿಂದ ಬರ್ತಿಲ್ಲ’ ಅಂದರೆ ನಾಳೆ ನನಗೂ ಬರೋಲ್ಲ ಅಂತ ಅರ್ಥ. ‘ಕೆಲವು ತಿಂಗಳು’ ಅಂದರೆ ಮುಗಿಯೋ ದಿನ ಇಲ್ಲ ಅಂತ. ‘60ರಿಂದ 90’ ಅಂದರೆ 90, ಆಮೇಲೆ ಇನ್ನೂ ಸ್ವಲ್ಪ. ಹೆಚ್ಚು ವಾಯಿದೆ ಕೇಳೋಕೆ ಬರೆದ ಕಾಗದ ಇದ್ದ ವಾಯಿದೆಯನ್ನೂ ಕಿತ್ತುಕೊಂಡು, ‘ಮುಂದಿನ ಆರ್ಡರ್‌ಗೆ ಅರ್ಧ ಅಡ್ವಾನ್ಸ್ ಹಾಕಿ ಮೇಡಂ’ ಅನ್ನೋ ಉತ್ತರ ತರಬಹುದು. ಹಾಗೆ ಬಂದದ್ದನ್ನ ನಾನು ನೋಡಿದ್ದೀನಿ.

ಅವರು ಒಪ್ಪಿಕೊಂಡರೋ, ಅದು ಇನ್ನೂ ಕೆಟ್ಟದ್ದು. ಮುಖ ನೋಡಿ ಒಲ್ಲೆ ಅನ್ನಲಾರದೆ ಒಪ್ಪಿದ ಸಪ್ಲೈಯರ್ ತನ್ನ ಖರ್ಚನ್ನ ಬೇರೆ ದಾರಿಯಲ್ಲಿ ವಸೂಲು ಮಾಡ್ತಾನೆ. ಅದು ಮೋಸ ಅಲ್ಲ, ಬದುಕೋ ದಾರಿ. ಮೊದಲು ಡೆಲಿವರಿ ಎರಡು ದಿನ, ನಾಲ್ಕು ದಿನ ತಡ ಆಗೋಕೆ ಶುರುವಾಗುತ್ತೆ, ಯಾಕಂದರೆ ನಗದು ಕೊಡೋ ಗಿರಾಕಿಯ ಕೆಲಸ ಮೆಷಿನ್‌ಗೆ ಮೊದಲು ಹತ್ತುತ್ತೆ. ಆಮೇಲೆ ‘ಫಿಲ್ಮ್ ರೇಟ್ ಜಾಸ್ತಿ ಆಗಿದೆ’ ಅಂತ ಕೆಜಿಗೆ ನಾಲ್ಕೈದು ರೂಪಾಯಿ ಏರುತ್ತೆ. ಕೊನೆಗೆ ಪೌಚಿನ ದಪ್ಪವೇ ಕೆಲವು ಮೈಕ್ರಾನ್ ಇಳಿದಿರುತ್ತೆ. ಇದನ್ನ ಪತ್ತೆ ಹಚ್ಚೋದು ಕಷ್ಟ ಅಲ್ಲ. ಹಳೇ ಲಾಟಿನ 100 ಪೌಚ್, ಹೊಸ ಲಾಟಿನ ಅದೇ ಅಳತೆಯ 100 ಪೌಚ್, ಎರಡನ್ನೂ ತೂಕದ ಮಷಿನ್ ಮೇಲೆ ಇಡಿ. ಜೊತೆಗೆ ಕಳೆದ ಆರು ತಿಂಗಳ ಬಿಲ್‌ಗಳ ರೇಟು ಮತ್ತು ಹೇಳಿದ ದಿನಕ್ಕೂ ಬಂದ ದಿನಕ್ಕೂ ಇರೋ ಅಂತರವನ್ನ ಒಂದು ಹಾಳೆಯಲ್ಲಿ ಬರೆಯಿರಿ. ಪುಕ್ಕಟೆ ಸಿಕ್ಕಿತು ಅಂದುಕೊಂಡ ವಾಯಿದೆಗೆ ಎಷ್ಟು ಕೊಟ್ಟಿದ್ದೀರಿ ಅಂತ ಅಲ್ಲಿ ಕಾಣುತ್ತೆ.

ಹಾಗಾದರೆ ಕೇಳೋದು ಹೇಗೆ? ಮೊದಲ ಪ್ರಶ್ನೆ ‘ನನಗೆ ಎಷ್ಟು ಬೇಕು’ ಅನ್ನೋದಲ್ಲ. ‘ಇದು ಅವರಿಗೆ ಎಷ್ಟು ಬೀಳುತ್ತೆ’ ಅನ್ನೋದು.

ಪೀಣ್ಯದ ಮಾಲೀಕರು ಬ್ಯಾಂಕಿನ ಓಡಿ ಮೇಲೆ ನಡೆಸೋರು, ಬಡ್ಡಿ ವರ್ಷಕ್ಕೆ 12 ಪರ್ಸೆಂಟ್ ಅಂತ ಮಾತಿನ ನಡುವೆ ಅವರೇ ಹೇಳಿದ್ದರು. ಅಂದರೆ ತಿಂಗಳಿಗೆ 1 ಪರ್ಸೆಂಟ್. ಈಗಿನ 15 ದಿನದ ಮೇಲೆ ಇನ್ನೊಂದು ತಿಂಗಳು ವಾಯಿದೆ ಕೊಟ್ಟರೆ, ಯಾವಾಗ ನೋಡಿದರೂ ಒಂದು ತಿಂಗಳ ಮಾಲಿನ ದುಡ್ಡು ಹೆಚ್ಚುವರಿಯಾಗಿ ಹೊರಗಿರುತ್ತೆ. ಜಿಎಸ್‌ಟಿ ಸೇರಿ 4,72,000ಕ್ಕೆ ತಿಂಗಳಿಗೆ 4,720 ರೂಪಾಯಿ. ಇದು ಬೇಡಿಕೊಳ್ಳೋ ಕಾಗದ ಮುಚ್ಚಿಟ್ಟ ಅಂಕಿ. ‘ಸಹಕರಿಸಿ’ ಅಂದರೆ ‘ಪ್ರತಿ ತಿಂಗಳು ನನಗೆ 4,720 ರೂಪಾಯಿ ಕೊಡಿ’ ಅಂತ. ಹಾಗೇ ನೇರವಾಗಿ ಬರೆದಿದ್ದರೆ ಕಳಿಸೋಕೆ ನಾಚಿಕೆ ಆಗ್ತಿತ್ತು, ಅಲ್ವಾ?

ಈ ಅಂಕಿಯನ್ನ ಮೊದಲು ಇಳಿಸಬಹುದು. ಜಿಎಸ್‌ಟಿಯ 72,000 ಇದೆಯಲ್ಲ, ಅದನ್ನ ಯಾಕೆ ತಡೆಹಿಡಿಯಬೇಕು? ಬಿಲ್ ಹಾಕಿದ ಮೇಲೆ, ನಾವು ದುಡ್ಡು ಕೊಟ್ಟಿರಲಿ ಬಿಟ್ಟಿರಲಿ, ತಿಂಗಳು ತಿಂಗಳು ರಿಟರ್ನ್ ಹಾಕೋ ಸಪ್ಲೈಯರ್ ಮುಂದಿನ ತಿಂಗಳ 20ನೇ ತಾರೀಖಿಗೆ ಆ ತೆರಿಗೆಯ ಲೆಕ್ಕ ಸರ್ಕಾರಕ್ಕೆ ಒಪ್ಪಿಸಬೇಕು. ಫಿಲ್ಮ್ ಕೊಂಡಾಗ ಕಟ್ಟಿದ ತೆರಿಗೆಯನ್ನ ಅವರು ಅದರಲ್ಲಿ ಕಳೆದುಕೊಳ್ಳಬಹುದು ನಿಜ, ಆದರೆ ಅದೂ ಅವರ ಜೇಬಿನಿಂದಲೇ ಹೋಗಿದ್ದು. ಇತ್ತ ನಾವು ಅದೇ 72,000ದ ಕ್ರೆಡಿಟ್ಟನ್ನ ನಮ್ಮ ರಿಟರ್ನ್‌ನಲ್ಲಿ ತಗೊಂಡು ಕೂತಿರ್ತೀವಿ. ಕೊಡದ ದುಡ್ಡಿನ ಲಾಭ ನಮಗೆ, ಬಾರದ ದುಡ್ಡಿನ ತೆರಿಗೆ ಅವರಿಗೆ. ಸಪ್ಲೈಯರ್‌ಗಳಿಗೆ ಒಳಗೊಳಗೆ ಉರಿಯೋದು ಇದೇ. ಆದ್ದರಿಂದ ಜಿಎಸ್‌ಟಿ ಮೊತ್ತವನ್ನ ಈಗಿನ ಹಾಗೇ 15 ದಿನಕ್ಕೆ ಕೊಟ್ಟುಬಿಡಿ, ಮಾಲಿನ ದುಡ್ಡಿಗೆ ಮಾತ್ರ ವಾಯಿದೆ ಕೇಳಿ. ಅವರ ಖರ್ಚು 4,720ರಿಂದ 4,000ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ನೀವು ಅವರ ಪುಸ್ತಕವನ್ನ ಅವರ ಕಡೆಯಿಂದ ಓದಿದ್ದೀರಿ ಅಂತ ಗೊತ್ತಾಯಿತು.

ಈಗ ಆ 4,000ವನ್ನ ಎಲ್ಲಿಂದ ತರೋದು ಅನ್ನೋದೇ ವಿಷಯ. ‘ಮುಂದೆ ಜಾಸ್ತಿ ಬಿಸಿನೆಸ್ ಕೊಡ್ತೀವಿ’ ಅನ್ನೋ ಮಾತು ಬೇಡ. ಅದನ್ನ ಎಲ್ಲರೂ ಹೇಳ್ತಾರೆ, ಅದಕ್ಕೆ ಯಾವ ಬ್ಯಾಂಕೂ ಬಡ್ಡಿ ಬಿಡೋದಿಲ್ಲ. ಅವರ ಶೆಡ್ಡಿನಲ್ಲಿ ನಮ್ಮಿಂದಾಗಿಯೇ ಹಾಳಾಗ್ತಿರೋದು ಏನು ಅಂತ ಹುಡುಕಬೇಕು.

ಈ ಕೇಸಿನಲ್ಲಿ ಅದು ಸುಲಭವಾಗಿ ಸಿಕ್ಕಿತು. ನಾಲ್ಕು ತಿಂಡಿ, ನಾಲ್ಕು ಬೇರೆ ಪೌಚ್. ಸ್ಟಾಕ್ ಖಾಲಿ ಆಗ್ತಿದೆ ಅಂದಾಗೆಲ್ಲ ಇವರು ವಾಟ್ಸಾಪ್‌ನಲ್ಲಿ ಆರ್ಡರ್ ಹಾಕ್ತಿದ್ದರು. ಹೀಗೆ ಒಂದೊಂದು ಪೌಚೂ ತಿಂಗಳಿಗೆ ಎರಡು ಸಲ, ಒಟ್ಟು ಎಂಟು ಸಲ ಮೆಷಿನ್ ಹತ್ತುತ್ತಿತ್ತು. ಪೌಚ್ ಪ್ರಿಂಟ್ ಆಗೋದು ಸಿಲಿಂಡರ್‌ಗಳಿಂದ, ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ಪ್ರತಿ ಸಲವೂ ಹಳೇ ಸಿಲಿಂಡರ್ ಇಳಿಸಬೇಕು, ಶಾಯಿ ತೊಳೀಬೇಕು, ಹೊಸದನ್ನ ಕೂರಿಸಬೇಕು. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರೋವರೆಗೆ ಮೆಷಿನ್ ಓಡ್ತಾನೇ ಇರುತ್ತೆ, ಅಲ್ಲಿವರೆಗೆ ಹೋದ ಫಿಲ್ಮ್ ಎಲ್ಲ ರದ್ದಿ. ಫಿಲ್ಮ್, ಶಾಯಿ, ತೊಳೆಯೋ ಸಾಲ್ವೆಂಟ್ ಸೇರಿ ಒಂದು ಸಲಕ್ಕೆ ಸುಮಾರು 2,000 ರೂಪಾಯಿ ಹೋಗುತ್ತೆ ಅಂತ ಪ್ರಿಂಟಿಂಗ್ ಮೇಲ್ವಿಚಾರಕರು ಅಂದಾಜು ಕೊಟ್ಟರು. ಮೆಷಿನ್ ನಿಂತ ಗಂಟೆಗಳನ್ನ ಬೇಕಂತಲೇ ಸೇರಿಸಿಲ್ಲ. ಆ ಗಂಟೆಗೆ ಬೇರೆ ಕೆಲಸ ಸಿಕ್ಕರೆ ಮಾತ್ರ ಅದು ದುಡ್ಡು, ಸಿಗುತ್ತೋ ಇಲ್ಲವೋ ಹೊರಗಿನ ನಮಗೆ ಗೊತ್ತಿಲ್ಲ.

ನಾಲ್ಕೂ ಪೌಚನ್ನ ತಿಂಗಳಿಗೆ ಒಂದೇ ಸಲ ಪ್ರಿಂಟ್ ಮಾಡಿದರೆ ಎಂಟು ಸಲ ಹೋಗಿ ನಾಲ್ಕು ಸಲ ಆಗುತ್ತೆ. ಉಳಿತಾಯ 8,000. ಆದರೆ ರಾಜಾಜಿನಗರದ ಗೋಡೌನ್ ಚಿಕ್ಕದು, ತಿಂಗಳ ಪೌಚ್ ಪೂರ್ತಿ ಹಿಡಿಸೋದಿಲ್ಲ. ಹಾಗಾಗಿ ಅರ್ಧ ಮಾಲು ಎರಡು ವಾರ ಪೀಣ್ಯದಲ್ಲೇ ಇರಬೇಕು. 2,00,000 ರೂಪಾಯಿ ಮಾಲು ಅರ್ಧ ತಿಂಗಳು ಕೂತರೆ ಅದೇ 12 ಪರ್ಸೆಂಟ್ ಲೆಕ್ಕದಲ್ಲಿ 1,000 ರೂಪಾಯಿ ಅವರಿಗೆ ಖರ್ಚು. ಇದನ್ನೂ ಕಾಗದದಲ್ಲಿ ಬರೀಬೇಕು. ನಿಮಗೆ ಅನುಕೂಲವಾದ ಅಂಕಿ ಮಾತ್ರ ತೋರಿಸಿದರೆ, ಉಳಿದದ್ದನ್ನ ಎದುರಿನವರು ಹುಡುಕಿ ತೆಗೀತಾರೆ, ಆಮೇಲೆ ನಿಮ್ಮ ಯಾವ ಅಂಕಿಯನ್ನೂ ನಂಬೋದಿಲ್ಲ. 8,000 ಉಳಿತಾಯದಲ್ಲಿ 4,000 ವಾಯಿದೆಗೆ, 1,000 ದಾಸ್ತಾನಿಗೆ ಹೋದರೆ ಪೀಣ್ಯಕ್ಕೆ ತಿಂಗಳಿಗೆ 3,000 ಉಳಿಯುತ್ತೆ. ಯಾರೂ ಯಾರಿಗೂ ಉಪಕಾರ ಮಾಡ್ತಿಲ್ಲ.

ಇನ್ನು ಎಷ್ಟು ದಿನ ಕೇಳಬೇಕು? ಇಲ್ಲಿ ನಮ್ಮ ಇಷ್ಟ ಪೂರ್ತಿ ನಡೆಯೋದಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ಪ್ರಕಾರ, ಉದ್ಯಮ್ ನೋಂದಣಿ ಇರೋ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದ ಇದ್ದರೂ ಮಾಲು ಸ್ವೀಕರಿಸಿದ 45 ದಿನದೊಳಗೆ ದುಡ್ಡು ಕೊಡಲೇಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಫೋನಿನಲ್ಲಿ ‘ಆಯ್ತು ಬಿಡಿ ಮೇಡಂ, ನೋಡ್ಕೊಂಡು ಕೊಡಿ’ ಅಂದದ್ದು ಲಿಖಿತ ಒಪ್ಪಂದ ಅಲ್ಲ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಮೊದಲ ಡ್ರಾಫ್ಟಿನ ‘60ರಿಂದ 90 ದಿನ’ಕ್ಕೆ ಆ ಮಾಲೀಕರು ಸಂತೋಷದಿಂದ ಸಹಿ ಹಾಕಿದ್ದರೂ ಕಾನೂನಿನ ಮುಂದೆ ಅದು ನಿಲ್ಲುತ್ತಿರಲಿಲ್ಲ.

ಇದರ ಬಿಸಿ ತೆರಿಗೆಯಲ್ಲೂ ತಟ್ಟುತ್ತೆ. 2023ರ ಹಣಕಾಸು ಕಾಯಿದೆ ಆದಾಯ ತೆರಿಗೆ ಕಾಯಿದೆಗೆ 43ಬಿ(ಎಚ್) ಅನ್ನೋ ಕಲಮು ಸೇರಿಸಿತು. ಸೂಕ್ಷ್ಮ, ಸಣ್ಣ ಘಟಕಗಳಿಗೆ ಆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಆ ಖರ್ಚನ್ನ ದುಡ್ಡು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು ಅನ್ನೋದು ಅದರ ತಿರುಳು. ಜನವರಿ 20ಕ್ಕೆ ಬಂದ 2,00,000 ರೂಪಾಯಿ ಮಾಲಿಗೆ ಮಾರ್ಚ್ 31 ಆದರೂ ದುಡ್ಡು ಕೊಟ್ಟಿಲ್ಲ ಅಂತಿಟ್ಟುಕೊಳ್ಳಿ. ಆ ವರ್ಷದ ಲೆಕ್ಕದಲ್ಲಿ ಅದು ಲಾಭದ ಹಾಗೆ ಕೂರುತ್ತೆ. 30 ಪರ್ಸೆಂಟ್ ತೆರಿಗೆ ಕಟ್ಟೋ ಪಾಲುದಾರಿಕೆ ಸಂಸ್ಥೆಗೆ 60,000 ಹೆಚ್ಚು, ಸೆಸ್ ಬೇರೆ. ಮುಂದಿನ ವರ್ಷ ಸರಿಹೋಗಬಹುದು, ಆದರೆ ನಗದು ಉಳಿಸೋಕೆ ಹೋಗಿ ನಗದನ್ನೇ ಕಳೆದುಕೊಂಡ ಹಾಗಾಯಿತು. ಮಾರ್ಚ್ 1ಕ್ಕೆ ಬಂದ ಮಾಲಿಗೆ ಒಪ್ಪಂದದ ಪ್ರಕಾರ ಏಪ್ರಿಲ್ ಎರಡನೇ ವಾರದಲ್ಲಿ ಕೊಟ್ಟರೆ ಈ ತೊಂದರೆ ಇಲ್ಲ, ಯಾಕಂದರೆ ಅದು ಗಡುವಿನ ಒಳಗೇ ಇದೆ.

ಹಾಗಂತ 45ನ್ನೂ ಕೇಳಬೇಡಿ, 42 ಕೇಳಿ. 42 ದಿನ ಅಂದರೆ ಸರಿಯಾಗಿ ಆರು ವಾರ. ಗುರುವಾರ ಬಂದ ಮಾಲಿಗೆ ಆರನೇ ಗುರುವಾರ ದುಡ್ಡು. ತಾರೀಖು ಎಣಿಸೋ ಗೋಜಿಲ್ಲ. ನಡುವೆ ಬ್ಯಾಂಕ್ ರಜೆ ಬಂದರೆ ಮೂರು ದಿನದ ಅವಕಾಶ ಕೈಯಲ್ಲಿರುತ್ತೆ. ಪೀಣ್ಯದ ಮಾಲೀಕರಿಗೆ ಯಾವ ಗುರುವಾರ ಎಷ್ಟು ಬರುತ್ತೆ ಅಂತ ಆರು ವಾರ ಮುಂಚೆಯೇ ಗೊತ್ತಿರುತ್ತೆ. ಸಂಬಳ ಕೊಡೋ ವಾರ ಬಂದಾಗ ಅವರಿಗೆ ಬೇಕಾಗಿರೋದು ಬೇಗ ಬರೋ ದುಡ್ಡಿಗಿಂತ ಹೆಚ್ಚಾಗಿ ಹೇಳಿದ ದಿನ ಬರೋ ದುಡ್ಡು. 15 ದಿನ ಅಂತ ಹೇಳಿ 22ಕ್ಕೋ 28ಕ್ಕೋ ಕೊಡೋ ಗಿರಾಕಿಯನ್ನ ನಂಬಿ ಯಾರೂ ಚೆಕ್ ಬರೆಯೋದಿಲ್ಲ.

ಇಷ್ಟು ಲೆಕ್ಕ ಆದ ಮೇಲೆ ಬರೆದ ಎರಡನೇ ಕಾಗದ ಇದು:

‘ಮಾನ್ಯರೇ, ನಮಸ್ಕಾರ. ನಮ್ಮ ನಾಲ್ಕು ಪೌಚ್‌ಗಳ ಆರ್ಡರ್ ಮತ್ತು ಪೇಮೆಂಟ್ ಎರಡನ್ನೂ ಬದಲಿಸೋ ಒಂದು ಪ್ರಸ್ತಾಪ ಇದು.

ಈಗ ನಾವು ತಿಂಗಳಿಗೆ ಎಂಟು ಸಲ ನಿಮ್ಮ ಮೆಷಿನ್ ಹತ್ತಿಸುತ್ತಿದ್ದೇವೆ. ಇನ್ನು ಮುಂದೆ ಪ್ರತಿ ತಿಂಗಳ 20ರೊಳಗೆ ಮುಂದಿನ ತಿಂಗಳ ಪೂರ್ತಿ ಆರ್ಡರ್ ಕೊಡುತ್ತೇವೆ, ಅದನ್ನು ಬದಲಿಸುವುದಿಲ್ಲ. ಅದರ ಮುಂದಿನ ಎರಡು ತಿಂಗಳ ಅಂದಾಜನ್ನೂ ಕೊಡುತ್ತೇವೆ. ನೀವು ಒಂದೇ ಸಲ ಪ್ರಿಂಟ್ ಮಾಡಿ, ಮೊದಲ ಮತ್ತು ಮೂರನೇ ಗುರುವಾರ ಅರ್ಧರ್ಧ ಕಳಿಸಿ. ಪ್ರಿಂಟ್ ಆದ ಮಾಲನ್ನು 30 ದಿನದೊಳಗೆ ನಾವು ಎತ್ತಿಕೊಳ್ಳುತ್ತೇವೆ. ಲೇಬಲ್ ಬದಲಾದರೂ ಆ ಮಾಲು ನಮ್ಮದೇ ಹೊಣೆ.

ಬಿಲ್ಲಿನ ಜಿಎಸ್‌ಟಿ ಮೊತ್ತ ಈಗಿನಂತೆ 15 ದಿನಕ್ಕೆ. ಉಳಿದ ಮೊತ್ತ ಡೆಲಿವರಿಯಿಂದ 42ನೇ ದಿನ, ಅಂದರೆ ಆರನೇ ಗುರುವಾರ. ಯಾವುದೇ ಸಮಯದಲ್ಲಿ ನಮ್ಮ ಒಟ್ಟು ಬಾಕಿ 6,50,000 ಮೀರುವುದಿಲ್ಲ.

ನಮ್ಮ ಲೆಕ್ಕ: ಹೆಚ್ಚುವರಿ ವಾಯಿದೆಯಿಂದ ನಿಮಗೆ ತಿಂಗಳಿಗೆ ಸುಮಾರು 4,000, ಅರ್ಧ ಮಾಲು ಇಟ್ಟುಕೊಳ್ಳುವುದರಿಂದ 1,000 ಖರ್ಚು. ನಾಲ್ಕು ಸಲ ಮೆಷಿನ್ ಬದಲಿಸುವುದು ತಪ್ಪುವುದರಿಂದ 8,000 ಉಳಿತಾಯ. ನಮ್ಮ ಅಂಕಿ ತಪ್ಪಿದ್ದರೆ ತಿದ್ದಿ ತಿಳಿಸಿ.

ಒಂದು ಪೇಮೆಂಟ್ ಮೂರು ದಿನಕ್ಕಿಂತ ತಡವಾದರೂ ಮುಂದಿನ ಆರ್ಡರ್‌ನಿಂದ ತಾನಾಗಿಯೇ ಹಳೆಯ 15 ದಿನಕ್ಕೆ ವಾಪಸ್. ಮೂರು ತಿಂಗಳ ನಂತರ ಇಬ್ಬರೂ ಕೂತು ನೋಡೋಣ. ಒಪ್ಪಿಗೆಯಾದರೆ ಇದೇ ಕಾಗದಕ್ಕೆ ಇಬ್ಬರೂ ಸಹಿ ಹಾಕೋಣ.’

ಈ ಕಾಗದದಲ್ಲಿ ಕ್ಷಮಿಸಿ ಇಲ್ಲ, ಉಪಕಾರ ಇಲ್ಲ, ಕಷ್ಟದ ಕಥೆ ಇಲ್ಲ. ಆದರೂ ಇದರಲ್ಲಿರೋ ಮರ್ಯಾದೆ ಮೊದಲಿನದರಲ್ಲಿ ಇರಲಿಲ್ಲ. ಕೊನೆಯ ಷರತ್ತನ್ನ ಗಮನಿಸಿ. ನಾವು ತಪ್ಪಿದರೆ ಏನಾಗುತ್ತೆ ಅಂತ ನಾವೇ ಬರೆದುಕೊಟ್ಟಿದ್ದೀವಿ. ಸಪ್ಲೈಯರ್‌ಗೆ ಹೆದರಿಕೆ ಇರೋದು 42 ದಿನದ ಬಗ್ಗೆ ಅಲ್ಲ, 42 ಆಮೇಲೆ 70 ಆದರೆ ಬಾಯಿ ಬಿಟ್ಟು ಕೇಳೋದು ಹೇಗೆ ಅನ್ನೋದರ ಬಗ್ಗೆ. ಆ ಮುಜುಗರವನ್ನ ಕಾಗದವೇ ತೆಗೆದುಹಾಕಿದೆ. ಬಾಕಿಯ ಮಿತಿ ಹಾಕಿದ್ದೂ ಅದಕ್ಕೇ. ವ್ಯಾಪಾರ ದುಪ್ಪಟ್ಟಾದರೆ ಒಳ್ಳೆಯದೇ, ಆದರೆ ಅವರ ಅಪಾಯವೂ ಕೇಳದೆ ದುಪ್ಪಟ್ಟಾಗಬಾರದು.

ಮಾಲೀಕರು ಎರಡು ದಿನ ಬಿಟ್ಟು ಫೋನ್ ಮಾಡಿದರು. ‘ಮೇಡಂ, ನಿಮ್ಮ ಎಂಟು ಸಾವಿರ ತಪ್ಪು. ಚಕ್ಲಿ ಪೌಚಿಗೂ ನಿಪ್ಪಟ್ಟಿನದಕ್ಕೂ ಎರಡು ಬಣ್ಣ ಒಂದೇ, ಅವಕ್ಕೆ ಅಷ್ಟೊಂದು ವೇಸ್ಟ್ ಆಗಲ್ಲ, ಸಾವಿರದ ಐನೂರು ಹಾಕ್ಕೊಳಿ’ ಅಂದರು. 8,000 ಹೋಗಿ 7,000 ಆಯಿತು, ಉಳಿಯೋದು 3,000 ಬದಲು 2,000. ‘ಮೊದಲ ಎರಡು ತಿಂಗಳು ನಾಲ್ಕು ವಾರ ನೋಡೋಣ, ಸರಿ ಹೋದ್ರೆ ಆರು ವಾರ ಮಾಡೋಣ’ ಅಂತಲೂ ಹೇಳಿದರು. ಆ ಎರಡು ತಿದ್ದುಪಡಿ ಹಾಕಿ ಸಹಿ ಆಯಿತು. ಬೇಡಿಕೊಂಡ ಕಾಗದಕ್ಕೆ ಬರೋ ಉತ್ತರ ಹೂಂ ಅಥವಾ ಉಹೂಂ. ಲೆಕ್ಕದ ಕಾಗದಕ್ಕೆ ಬರೋ ಉತ್ತರ ತಿದ್ದುಪಡಿ. ಎದುರಿನವರು ನಿಮ್ಮ ಅಂಕಿಯನ್ನ ತಿದ್ದೋಕೆ ಕೂತರು ಅಂದರೆ ಮಾತುಕತೆ ಶುರುವಾಯಿತು ಅಂತ ಅರ್ಥ.

‘ನಮ್ಮಲ್ಲಿ ವ್ಯವಹಾರ ನಡೆಯೋದು ಸಂಬಂಧದ ಮೇಲೆ, ಹೀಗೆ ಪೈಸೆ ಪೈಸೆ ಲೆಕ್ಕ ಹಾಕಿದರೆ ಬೇಜಾರು ಮಾಡ್ಕೊಳ್ತಾರೆ’ ಅನ್ನೋರು ಬರ್ತಾರೆ, ಗೊತ್ತು. ಸಂಬಂಧ ಕೆಡೋದು ಲೆಕ್ಕ ಹಾಕಿದ್ದಕ್ಕಲ್ಲ, ಲೆಕ್ಕ ಒಬ್ಬನ ತಲೆಯಲ್ಲಿ ಮಾತ್ರ ಓಡ್ತಿದ್ದಾಗ. ಪೀಣ್ಯದ ಮಾಲೀಕರು ಹೇಗೂ ಪ್ರತಿ ರಾತ್ರಿ ಆ 4,000ದ ಲೆಕ್ಕ ಹಾಕ್ತಾನೇ ಇರ್ತಾರೆ. ನೀವು ಹಾಕಿಲ್ಲ ಅಷ್ಟೆ. ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕಳಿಸಿ, ಮಗಳ ಮದುವೆಗೆ ಹೋಗಿ ಬನ್ನಿ, ಅದೆಲ್ಲ ಇರಲಿ. ಆದರೆ ಅದನ್ನ ಅವರ ಓಡಿ ಬಡ್ಡಿಗೆ ಬದಲಾಗಿ ಇಡಬೇಡಿ.

ಇನ್ನೊಂದು ಆಕ್ಷೇಪಣೆಯಲ್ಲಿ ಸತ್ಯ ಇದೆ. ಉಳಿತಾಯದ ದಾರಿ ತೋರಿಸಿಕೊಟ್ಟ ಮೇಲೆ ಅವರು ‘ಆರ್ಡರ್ ಒಟ್ಟಿಗೆ ಕೊಡಿ, ವಾಯಿದೆ ಮಾತ್ರ ಆಗೋಲ್ಲ’ ಅನ್ನಬಹುದು. ಅನ್ನಲಿ. ಒಟ್ಟಿಗೆ ಆರ್ಡರ್ ಕೊಡೋದು ನಿಮ್ಮ ಕೈಯಲ್ಲಿದೆ, ಅವರ ಕೈಯಲ್ಲಿ ಅಲ್ಲ. ಅದಕ್ಕೇ ಎರಡನ್ನೂ ಒಂದೇ ಕಾಗದದಲ್ಲಿ, ಒಂದರ ಜೊತೆ ಒಂದು ಕಟ್ಟಿ ಇಡಬೇಕು. ಇವತ್ತು ಒಳ್ಳೆ ಮನಸ್ಸಿಗೆ ಆರ್ಡರ್ ಬದಲಿಸಿ ಮುಂದಿನ ತಿಂಗಳು ವಾಯಿದೆ ಕೇಳೋಣ ಅಂದರೆ, ಕೊಡೋಕೆ ನಿಮ್ಮ ಹತ್ತಿರ ಏನೂ ಉಳಿದಿರೋದಿಲ್ಲ.

ಮತ್ತೆ, ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ಕೇಳಲೇಬಾರದ ಸಪ್ಲೈಯರ್ ಒಬ್ಬ ಇರ್ತಾನೆ. ಬ್ಯಾಂಕಿನ ಓಡಿ ಮಿತಿ ಪೂರ್ತಿ ಮುಗಿದಿರೋನು. ಅವನಿಗೆ 12 ಪರ್ಸೆಂಟ್ ಲೆಕ್ಕ ನಡೆಯೋಲ್ಲ, ಯಾಕಂದರೆ ಆ ದರಕ್ಕೆ ಇನ್ನು ದುಡ್ಡು ಹುಟ್ಟೋದಿಲ್ಲ. ತಿಂಗಳಿಗೆ 3,000 ಉಳಿತಾಯ ಆಗುತ್ತೆ ಅಂತ ತೋರಿಸಿದರೂ ಅವನಿಗೆ 4,00,000 ನಗದು ಹೊಂದಿಸೋ ದಾರಿ ಇಲ್ಲ. ಗುರುತು ಹಿಡಿಯೋದು ಹೇಗೆ? ವಾಯಿದೆ ಮುಗಿದ ದಿನ ಬೆಳಗ್ಗೆಯೇ ಫೋನ್ ಬರುತ್ತೆ. ಫಿಲ್ಮ್ ತರೋಕೆ ಅಡ್ವಾನ್ಸ್ ಕೇಳ್ತಾನೆ. ‘ಇವತ್ತೇ ಹಾಕಿದ್ರೆ ಎರಡು ಪರ್ಸೆಂಟ್ ಬಿಡ್ತೀನಿ’ ಅಂತಾನೆ. ಹದಿನೈದು ದಿನ ಮುಂಚೆ ದುಡ್ಡು ಸಿಗಲಿ ಅಂತ ಎರಡು ಪರ್ಸೆಂಟ್ ಬಿಡೋದು ಅಂದರೆ ತಿಂಗಳಿಗೆ ನಾಲ್ಕು ಪರ್ಸೆಂಟ್ ಬಡ್ಡಿ ಕೊಟ್ಟ ಹಾಗೆ. ಅಂಥವನ ಹತ್ತಿರ ಆರು ವಾರ ಕೇಳಿದರೆ ಅವನ ಶೆಡ್ಡು ಮುಚ್ಚುತ್ತೆ, ನಿಮ್ಮ ಸಿಲಿಂಡರ್‌ಗಳು ಒಳಗೇ ಉಳಿಯುತ್ತವೆ. ಅಲ್ಲಿ ಬೇರೆ ಹಂಚಿಕೆ ಮಾಡಿ. ಫಿಲ್ಮಿನ ದುಡ್ಡನ್ನ ಮೊದಲೇ ಕೊಡಿ, ಪ್ರಿಂಟಿಂಗ್ ಮತ್ತು ಪೌಚ್ ಮಾಡೋ ಕೂಲಿಗೆ ಮಾತ್ರ ವಾಯಿದೆ ಕೇಳಿ. ಅದೂ ಆಗೋಲ್ಲ ಅಂದರೆ ಬ್ಯಾಂಕಿಗೆ ಹೋಗಿ ನೀವೇ ಸಾಲ ಮಾಡಿ. ಸಾಲ ಕೊಡೋದು ಬ್ಯಾಂಕಿನ ಕಸುಬು, ಪೌಚ್ ಮಾಡೋನದ್ದಲ್ಲ.

ಆಫೀಸಿನಲ್ಲಿ ಕೂತು ಇಂಥ ಮೇಲ್ ಬರೆಯೋ ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ನಿಮ್ಮ ಸ್ವಂತ ದುಡ್ಡಲ್ಲ, ಕಂಪನಿಯದ್ದು. ಎದುರಿಗಿರೋನಿಗೆ ಮಾತ್ರ ಅದು ಸ್ವಂತದ್ದೇ. ಸಂಬಳದ ದಿನ ಅವನ ಮುಂದೆ ನಿಲ್ಲೋ ಹನ್ನೆರಡು ಜನಕ್ಕೆ ನಿಮ್ಮ ‘ದಯವಿಟ್ಟು ಸಹಕರಿಸಿ’ಯನ್ನ ಅವನು ಹಂಚೋಕಾಗಲ್ಲ. ಆದ್ದರಿಂದ ಮುಂದಿನ ಸಲ ಆ ಎರಡು ಪದ ಟೈಪ್ ಮಾಡೋ ಮುಂಚೆ, ಬಾಕಿ ಮೊತ್ತವನ್ನ ಕೇಳ್ತಿರೋ ದಿನಗಳಿಗೂ ಅವರ ಬಡ್ಡಿ ದರಕ್ಕೂ ಗುಣಿಸಿ ಒಂದು ಅಂಕಿ ಬರೆಯಿರಿ. ಅದರ ಪಕ್ಕದಲ್ಲಿ, ಅದಕ್ಕಿಂತ ದೊಡ್ಡದಾದ ಇನ್ನೊಂದು ಅಂಕಿ ಅವರಿಗಾಗಿ ಬರೆಯೋಕೆ ಆಗುತ್ತಾ ನೋಡಿ. ಆದರೆ ಕಳಿಸಿ. ಆಗದಿದ್ದರೆ ಬಾಕಿ ಇದ್ದದ್ದನ್ನ ಹೇಳಿದ ದಿನಕ್ಕೆ ಕೊಟ್ಟುಬಿಡಿ.